ವಾಪಸ್ ಅಲ್ಲ, ಬಂದೇ ಇಲ್ಲ



2022ರ ಅಕ್ಟೋಬರಿನಲ್ಲಿ, ದೀಪಾವಳಿ ಮಾರಾಟದ ಗದ್ದಲದ ನಡುವೆ, ಮಂಗಳೂರಿನ ಒಬ್ಬರು ಫ್ಲಿಪ್‌ಕಾರ್ಟಿನಲ್ಲಿ ಲ್ಯಾಪ್‌ಟಾಪ್ ತರಿಸಿದರು. ಪೆಟ್ಟಿಗೆ ಬಿಚ್ಚಿದರೆ ಒಳಗೆ ದೊಡ್ಡದೊಂದು ಕಲ್ಲು, ಜೊತೆಗೆ ಒಂದಷ್ಟು ಎಲೆಕ್ಟ್ರಾನಿಕ್ ಗುಜರಿ. ಮಾರಿದವರು ಮೊದಲು ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಕಲ್ಲಿನ ಫೋಟೋ ಟ್ವಿಟರಿಗೆ ಹೋಯಿತು, ಪತ್ರಿಕೆಗಳಲ್ಲಿ ಬಂತು, ಆಮೇಲೆ ಪೂರ್ತಿ ಹಣ ಮರಳಿತು.

ಆ ಗ್ರಾಹಕರ ಪಾಲಿಗೆ ಒಂದು ಅನುಕೂಲವಿತ್ತು. ಕಲ್ಲು ಯಾರು ನೋಡಿದರೂ ಕಲ್ಲೇ. ಫೋಟೋ ನೋಡಿದವರಿಗೆ ವಿವರಿಸಿ ಹೇಳಬೇಕಾದ್ದೇನೂ ಇಲ್ಲ. ನಾನು ಇವತ್ತು ಮಾತಾಡಬೇಕೆಂದಿರುವುದು ಇದಕ್ಕಿಂತ ಕಷ್ಟದ, ಸುದ್ದಿಯಾಗದ ಪ್ರಕರಣಗಳ ಬಗ್ಗೆ. ದುಬಾರಿ ಲ್ಯಾಪ್‌ಟಾಪ್ ಕೇಳಿದರೆ ಅಗ್ಗದ ಲ್ಯಾಪ್‌ಟಾಪ್ ಬರುತ್ತದೆ. ಹೊಸ ಫೋನ್ ಕೇಳಿದರೆ ಅದೇ ಕಂಪನಿಯ ಹಳೆ ಫೋನ್ ಬರುತ್ತದೆ. ಇದರ ಫೋಟೋ ಹಾಕಿದರೆ ನೆಂಟರೇ ಕೇಳುತ್ತಾರೆ, ಲ್ಯಾಪ್‌ಟಾಪ್ ಬಂದಿದೆಯಲ್ಲ, ಮತ್ತೆ ತಕರಾರು ಎಂತದ್ದು ಅಂತ.

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬೆಳ್ತಂಗಡಿ ತಾಲೂಕು, ಗುರುವಾಯನಕೆರೆಯಿಂದ ಒಂದಷ್ಟು ಒಳಗೆ. ಮಗ ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಹಾಸ್ಟೆಲಿನಲ್ಲಿದ್ದಾನೆ. ತಾಯಿಯ ಹೆಸರಿನ ಕಾರ್ಡಿನಲ್ಲಿ, ಕಂತಿನ ಮೇಲೆ, 78,990 ರೂಪಾಯಿಯ ಲ್ಯಾಪ್‌ಟಾಪ್ ತರಿಸಿದ್ದಾರೆ. ಗುರುವಾರ ಫೋನ್ ಬರುತ್ತದೆ. "ಅಕ್ಕಾ, ನಿಮ್ಮ ಮನೆವರೆಗೆ ಗಾಡಿ ಬರುದಿಲ್ಲ, ಕ್ರಾಸಿಗೆ ಬರ್ತೀರಾ? ಒಟಿಪಿ ಹೇಳಿ." ಇವರು ಕ್ರಾಸಿಗೆ ಹೋಗುತ್ತಾರೆ, ಒಟಿಪಿ ಹೇಳುತ್ತಾರೆ, ಪೆಟ್ಟಿಗೆ ಮನೆಗೆ ಬರುತ್ತದೆ. ಬಾಗಿಲಲ್ಲೇ ಪೆಟ್ಟಿಗೆ ಬಿಚ್ಚಿ ತೋರಿಸುವ ವ್ಯವಸ್ಥೆ ಎಲ್ಲ ಮಾಲಿಗೂ ಎಲ್ಲ ಊರಿಗೂ ಇಲ್ಲ. ಮಗ ಶನಿವಾರ ಬಂದು ಬಿಚ್ಚುತ್ತಾನೆ. ಒಳಗಿರುವುದು ಅದೇ ಕಂಪನಿಯದ್ದು, ಆದರೆ ಬೇರೆ ಮಾದರಿ. ಬಿಲ್ಲಿನಲ್ಲಿ ಒಂದು ಸೀರಿಯಲ್ ನಂಬರ್, ಯಂತ್ರದ ಅಡಿಯಲ್ಲಿ ಇನ್ನೊಂದು.

ಆ್ಯಪಿನಲ್ಲಿ "ರಿಟರ್ನ್" ಒತ್ತುತ್ತಾರೆ. ಸೋಮವಾರ ಪಾರ್ಸೆಲ್ ಒಯ್ಯುವ ಹುಡುಗ ಬರುತ್ತಾನೆ. ಅವನ ಫೋನಿನಲ್ಲಿ ಒಂದು ಪಟ್ಟಿ ಇರುತ್ತದೆ: ಮಾದರಿ ಸರಿ ಇದೆಯೇ, ಸೀರಿಯಲ್ ನಂಬರ್ ತಾಳೆಯಾಗುತ್ತದೆಯೇ, ಚಾರ್ಜರ್ ಇದೆಯೇ. ಅವನು ಯಂತ್ರ ತಿರುಗಿಸಿ ನೋಡುತ್ತಾನೆ. "ಅಕ್ಕಾ, ಇದು ಆರ್ಡರಿನ ಮಾಲಲ್ಲ. ನಂಬರ್ ಬೇರೆ ಉಂಟು. ನಂಗೆ ತೆಗೊಂಡು ಹೋಗ್ಲಿಕ್ಕಾಗುದಿಲ್ಲ." ಅದನ್ನೇ ಅಲ್ಲವೇ ನಾನೂ ಹೇಳುವುದು ಎಂದು ತಾಯಿ ಹೇಳಿದರೆ ಅವನು ಪಾಪ ಏನು ಮಾಡಿಯಾನು? ಪರದೆಯ ಮೇಲೆ "ಇಲ್ಲ" ಒತ್ತಿದ ಮೇಲೆ ಅವನ ಕೆಲಸ ಮುಗಿಯಿತು. ಸಂಜೆಗೆ ಸಂದೇಶ ಬರುತ್ತದೆ, ನಿಮ್ಮ ರಿಟರ್ನ್ ಕೋರಿಕೆ ರದ್ದಾಗಿದೆ ಎಂದು. ಗ್ರಾಹಕ ಸೇವೆಗೆ ಫೋನ್ ಮಾಡಿದರೆ, ವಿಚಾರಣೆ ಮಾಡಿದ್ದೇವೆ, ಸರಿಯಾದ ಮಾಲೇ ತಲುಪಿದೆ ಎನ್ನುತ್ತಾರೆ.

ಈ ತೊಡಕಿನ ಬೇರು ಇಲ್ಲೇ ಇದೆ. ರಿಟರ್ನ್ ಎಂಬ ದಾರಿಯನ್ನು ಕಟ್ಟಿರುವುದು ಕೊಂಡ ಮಾಲನ್ನೇ ಗಿರಾಕಿ ಮರಳಿಸುತ್ತಾನೆ ಎಂಬ ನಂಬಿಕೆಯ ಮೇಲೆ. ಬಾಗಿಲ ಬಳಿ ಮಾಡುವ ಪರೀಕ್ಷೆ ಇರುವುದು ಗಿರಾಕಿಯ ಮೋಸ ಹಿಡಿಯಲು. ಹೊಸದು ಇಟ್ಟುಕೊಂಡು ಹಳೆಯದನ್ನು ಮರಳಿಸುವವರು ಇದ್ದಾರೆ, ಇಲ್ಲವೆಂದಲ್ಲ. ಆದರೆ ಬಂದದ್ದೇ ತಪ್ಪು ಮಾಲಾದರೆ ಆ ಪರೀಕ್ಷೆಯಲ್ಲಿ ಅದು ಯಾವತ್ತೂ ಪಾಸಾಗುವುದಿಲ್ಲ. ತಪ್ಪು ಮಾಲು ಎಂಬ ಕಾರಣಕ್ಕೇ ತಪ್ಪು ಮಾಲು ವಾಪಸಾಗುವುದಿಲ್ಲ! ಹಾಗಿರುವಾಗ ಮತ್ತೆ ಮತ್ತೆ ರಿಟರ್ನ್ ಒತ್ತುವುದು, ಮತ್ತೆ ಮತ್ತೆ ಗ್ರಾಹಕ ಸೇವೆಗೆ ಫೋನ್ ಮಾಡುವುದು ಮುಚ್ಚಿದ ಬಾಗಿಲಿಗೇ ಹೋಗಿ ನಿಂತಂತೆ.

ಅದಕ್ಕಾಗಿ ಪತ್ರ. ಅದನ್ನು ಬರೆಯಬೇಕಾದ್ದು ಗ್ರಾಹಕ ಸೇವೆಗಲ್ಲ, ಕುಂದುಕೊರತೆ ಅಧಿಕಾರಿಗೆ. 2020ರ ಜುಲೈ 23ರಂದು ಕೇಂದ್ರ ಸರ್ಕಾರ ಹೊರಡಿಸಿದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಪ್ರತಿಯೊಂದು ಆನ್‌ಲೈನ್ ಅಂಗಡಿಯೂ ಇಂಥ ಅಧಿಕಾರಿಯನ್ನು ನೇಮಿಸಬೇಕು. ಅವರ ಹೆಸರು, ಹುದ್ದೆ, ಸಂಪರ್ಕದ ವಿವರವನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ದೂರು ಬಂದ 48 ಗಂಟೆಯೊಳಗೆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ವಿಳಾಸ ಆ್ಯಪಿನ ಮುಖಪುಟದಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಕೆಳಗೆ ಕೆಳಗೆ ಹೋಗಿ, ಷರತ್ತುಗಳು, ನೀತಿಗಳು ಎಂದು ಸಣ್ಣ ಅಕ್ಷರದಲ್ಲಿ ಇರುವ ಕಡೆ ಹುಡುಕಬೇಕು. ಗೂಗಲಿನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಮಾತ್ರ ಫೋನ್ ಮಾಡಲಿಕ್ಕೆ ಹೋಗಬೇಡಿ. ಹಣ ಮರಳಿಸುತ್ತೇವೆಂದು ಕಾರ್ಡಿನ ವಿವರ ಕೇಳಿ ಉಳಿದದ್ದನ್ನೂ ದೋಚುವವರು ಅಲ್ಲಿ ಕಾದು ಕೂತಿರುತ್ತಾರೆ.

ಪತ್ರ ಬರೆಯುವ ಮುಂಚೆ ಕೈಯಲ್ಲಿ ಏನಿರಬೇಕು? ಪೆಟ್ಟಿಗೆ, ಟೇಪು, ಹೊರಗಿನ ಲೇಬಲ್ಲು, ಯಾವುದನ್ನೂ ಎಸೆಯಬಾರದು. ನಮ್ಮಲ್ಲಿ ಥರ್ಮೊಕೋಲು ತೋಟದ ಮೂಲೆಗೆ, ರಟ್ಟು ಬಚ್ಚಲೊಲೆಗೆ ಹೋಗಲು ಒಂದು ಗಂಟೆ ಸಾಕು. ಲೇಬಲ್ಲಿನಲ್ಲಿ ಪಾರ್ಸೆಲಿನ ತೂಕ ಅಚ್ಚಾಗಿದ್ದರೆ ಅದು ದೊಡ್ಡ ಸಾಕ್ಷಿ. ಬಂದದ್ದನ್ನೆಲ್ಲ ಹಾಗೆಯೇ ಪೆಟ್ಟಿಗೆಗೆ ತುಂಬಿಸಿ ಹತ್ತಿರದ ಜಿನಸಿನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಅಂಕಿ ಕಾಣುವ ಹಾಗೆ ಫೋಟೋ ತೆಗೆಯಿರಿ. ಲೇಬಲ್ಲಿನಲ್ಲಿ ಮೂರು ಕಿಲೋ ಎಂದಿದ್ದು ತಕ್ಕಡಿ ಎರಡು ಕಿಲೋ ತೋರಿಸಿದರೆ, ಗೋದಾಮಿನಿಂದ ಹೊರಟ ಮೇಲೆ ದಾರಿಯಲ್ಲಿ ಏನೋ ಆಗಿರಬಹುದು. ಎರಡೂ ಒಂದೇ ಇದ್ದರೆ ಪ್ಯಾಕ್ ಮಾಡುವಾಗಲೇ ತಪ್ಪಾಗಿರಬಹುದು. ಹೇಗಿದ್ದರೂ ಆ ಅಂಕಿ ನಿಮ್ಮ ಕೈಯಲ್ಲಿರಲಿ.

ಇನ್ನೊಂದು ಸಾಕ್ಷಿ ಹಲವರಿಗೆ ಹೊಳೆಯುವುದಿಲ್ಲ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರಿನ ಯಂತ್ರ ಈ ಲೋಕದಲ್ಲಿ ಎಲ್ಲೋ ಇದೆಯಲ್ಲ? ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ವಾರಂಟಿ ಪುಟದಲ್ಲಿ ಆ ನಂಬರ್ ಹಾಕಿ ನೋಡಿ. ಯಾರೋ ಅದನ್ನು ಈಗಾಗಲೇ ಬಳಸಲು ಶುರುಮಾಡಿದ್ದರೆ ವಾರಂಟಿ ಆರಂಭವಾದ ದಿನಾಂಕ ಅಲ್ಲಿ ಸಿಗಬಹುದು. ನಿಮ್ಮ ಕೈಗೆ ಪೆಟ್ಟಿಗೆ ಬರುವ ಮುಂಚಿನ ದಿನಾಂಕವಿದ್ದರೆ ಅದು ನಿಮ್ಮ ವಾದಕ್ಕೆ ಬಲ ಕೊಡಬಹುದು. ಆ ಪುಟದ ಚಿತ್ರ ತೆಗೆದಿಡಿ. ಫೋನಾದರೆ ಬಿಲ್ಲಿನಲ್ಲಿ ಐಎಂಇಐ ಸಂಖ್ಯೆ ಇರುತ್ತದೆ. ಬಂದ ಫೋನಿನಲ್ಲಿ *#06# ಒತ್ತಿದರೆ ಅದರ ಸಂಖ್ಯೆ ಪರದೆಗೆ ಬರುತ್ತದೆ, ಎರಡನ್ನೂ ತಾಳೆ ನೋಡಬಹುದು. ಲ್ಯಾಪ್‌ಟಾಪಿಗೆ ಅಷ್ಟೂ ಬೇಡ, ನಂಬರ್ ಅಡಿಯಲ್ಲೇ ಇರುತ್ತದೆ. ಹಾಗಾಗಿ ತಪ್ಪು ಯಂತ್ರವನ್ನು ಆನ್ ಮಾಡಿ ಮಗನ ಹೆಸರು ಹಾಕಿ ಸಜ್ಜುಗೊಳಿಸಲು ಹೋಗಬೇಡಿ. ಬಳಸಿದ್ದಾರೆ ಎಂದು ಹೇಳಲು ಅವರಿಗೊಂದು ನೆಪ ಸಿಗುತ್ತದೆ.

ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿಲ್ಲವಲ್ಲ ಎಂದು ಕೊರಗುವವರಿದ್ದಾರೆ. ವಿಡಿಯೋ ಇದ್ದರೆ ಬಲ ಹೆಚ್ಚು, ನಿಜ. ಆದರೆ ವಿಡಿಯೋ ಇಲ್ಲದಿದ್ದರೆ ದೂರೇ ಇಲ್ಲ ಎಂದು ಯಾವ ಕಾನೂನೂ ಹೇಳುವುದಿಲ್ಲ. ಅದು ಕಂಪನಿಗಳು ತಮ್ಮ ಅನುಕೂಲಕ್ಕೆ ಮಾಡಿಕೊಂಡ ರೂಢಿ.

ಈಗ ಪತ್ರ. ಇದನ್ನು ನಾನು ಆ ತಾಯಿಯ ಪರವಾಗಿ ಬರೆದಿದ್ದೇನೆ, ನಿಧಾನವಾಗಿ ಓದುತ್ತೇನೆ.

"ಕುಂದುಕೊರತೆ ಅಧಿಕಾರಿಗಳಿಗೆ. ವಿಷಯ: ಹಣ ಪಡೆದ ಲ್ಯಾಪ್‌ಟಾಪನ್ನು ತಲುಪಿಸದೆ ಇರುವುದು. ಆರ್ಡರ್ ಸಂಖ್ಯೆ, ಬಿಲ್ ಸಂಖ್ಯೆ, ದೂರಿನ ಟಿಕೆಟ್ ಸಂಖ್ಯೆ ಇಂತಿಂಥದ್ದು.

"ಮಾನ್ಯರೇ, ಮೇಲಿನ ಬಿಲ್ಲಿನಲ್ಲಿ ನಮೂದಾಗಿರುವ ಮಾದರಿಯ, ನಮೂದಾಗಿರುವ ಸೀರಿಯಲ್ ನಂಬರಿನ ಲ್ಯಾಪ್‌ಟಾಪಿಗೆ ನಾನು 78,990 ರೂಪಾಯಿ ಪಾವತಿಸಿದ್ದೇನೆ. ಆ ಲ್ಯಾಪ್‌ಟಾಪ್ ನನಗೆ ಈ ತನಕ ತಲುಪಿಲ್ಲ. ಗುರುವಾರ ನನ್ನ ಕೈಗೆ ಬಂದ ಪೆಟ್ಟಿಗೆಯಲ್ಲಿ ಬೇರೆ ಮಾದರಿಯ, ಬೇರೆ ಸೀರಿಯಲ್ ನಂಬರಿನ ಯಂತ್ರವಿತ್ತು. ಎರಡೂ ನಂಬರುಗಳ ಫೋಟೋ, ಪೆಟ್ಟಿಗೆಯ ಲೇಬಲ್ಲಿನ ಫೋಟೋ, ತೂಕದ ಫೋಟೋ ಲಗತ್ತಿಸಿದ್ದೇನೆ.

"ಶನಿವಾರ ಸಂಜೆ ಪೆಟ್ಟಿಗೆ ತೆರೆದ ಕೂಡಲೇ ನಿಮ್ಮ ಆ್ಯಪಿನಲ್ಲಿ ತಿಳಿಸಿದ್ದೇನೆ. ಸೋಮವಾರ ಬಂದ ನಿಮ್ಮ ಪ್ರತಿನಿಧಿಯೇ ಯಂತ್ರವನ್ನು ಪರೀಕ್ಷಿಸಿ, ಇದು ಆರ್ಡರಿನ ಮಾಲಲ್ಲ ಎಂದು ದಾಖಲಿಸಿ ಹಿಂತಿರುಗಿದ್ದಾರೆ. ಆದುದರಿಂದ ನನ್ನ ಬಳಿ ಇರುವುದು ನಾನು ಕೊಂಡ ಮಾಲಲ್ಲ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಾನು ಒಟಿಪಿ ಹೇಳಿದ್ದು ಮುಚ್ಚಿದ ಪೆಟ್ಟಿಗೆಯೊಂದು ಕೈಸೇರಿತು ಎಂಬುದಕ್ಕೆ ಮಾತ್ರ ಸಾಕ್ಷಿ, ಒಳಗೆ ಏನಿತ್ತು ಎಂಬುದಕ್ಕಲ್ಲ.

"ಸರಿಯಾದ ಮಾಲು ತಲುಪಿದೆ ಎಂಬ ನಿಮ್ಮ ನಿಲುವಿಗೆ ಆಧಾರವೇನು ಎಂದು ತಿಳಿಸಿ. ಗೋದಾಮಿನಲ್ಲಿ ಪ್ಯಾಕ್ ಮಾಡುವಾಗ ಸ್ಕ್ಯಾನ್ ಆದ ಸೀರಿಯಲ್ ನಂಬರ್, ಹೊರಡುವಾಗ ಮತ್ತು ದಾರಿಯ ಪ್ರತಿ ಕೇಂದ್ರದಲ್ಲಿ ದಾಖಲಾದ ತೂಕ, ನೀವು ನಡೆಸಿದೆವು ಎನ್ನುವ ವಿಚಾರಣೆಯ ವರದಿ, ಇವುಗಳ ಪ್ರತಿ ಕೊಡಿ. ಈ ದಾಖಲೆಗಳನ್ನೂ ಸಂಬಂಧಪಟ್ಟ ಕ್ಯಾಮೆರಾ ದೃಶ್ಯಗಳನ್ನೂ ದೂರು ಇತ್ಯರ್ಥವಾಗುವ ತನಕ ಅಳಿಸದೆ ಇಟ್ಟುಕೊಳ್ಳಿ. ಇ-ಕಾಮರ್ಸ್ ನಿಯಮಗಳ 5ನೇ ನಿಯಮದಂತೆ ಮಾರಾಟಗಾರರ ಪೂರ್ಣ ವಿಳಾಸ ಮತ್ತು ಇಮೇಲನ್ನು ಕೂಡಾ ಕೊಡಿ.

"ಕೊಂಡ ಲ್ಯಾಪ್‌ಟಾಪನ್ನು ತಲುಪಿಸಿ, ಇಲ್ಲವೇ 78,990 ರೂಪಾಯಿಯನ್ನೂ ಕಂತಿಗೆ ಬ್ಯಾಂಕು ಹಾಕಿದ ಬಡ್ಡಿ ಮತ್ತು ಶುಲ್ಕವನ್ನೂ ಮರಳಿಸಿ. ನನ್ನ ಬಳಿ ಇರುವ ಯಂತ್ರವನ್ನು ಬಳಸದೆ ಜೋಪಾನವಾಗಿ ಇಟ್ಟಿದ್ದೇನೆ. ರಸೀದಿ ಕೊಟ್ಟು ಯಾವತ್ತು ಬೇಕಾದರೂ ಒಯ್ಯಬಹುದು. ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಲಕ್ಷಣವಿಲ್ಲದ ಮಾಲನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 6ನೇ ನಿಯಮದ 3ನೇ ಉಪನಿಯಮ ಹೇಳುತ್ತದೆ. 48 ಗಂಟೆಯೊಳಗೆ ಸ್ವೀಕೃತಿಯನ್ನೂ ಒಂದು ತಿಂಗಳೊಳಗೆ ಪರಿಹಾರವನ್ನೂ ನಿರೀಕ್ಷಿಸುತ್ತೇನೆ. ಇಲ್ಲವಾದರೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ."

ಇಷ್ಟೇ ಪತ್ರ. ಗಮನಿಸಿದ್ದೀರಿ ಅಂದುಕೊಳ್ಳುತ್ತೇನೆ, ವಿಷಯದ ಸಾಲಿನಲ್ಲಿ "ವಾಪಸ್" ಎಂಬ ಮಾತಿಲ್ಲ. ನಾನು ಮರಳಿಸುತ್ತೇನೆ ಎಂದು ಶುರುಮಾಡಿದರೆ ಅವರು ರಿಟರ್ನ್ ಷರತ್ತುಗಳನ್ನು ತೆಗೆಯುತ್ತಾರೆ: ಏಳು ದಿನ ಕಳೆಯಿತು, ಇದಕ್ಕೆ ಬದಲಿ ಮಾತ್ರ, ಹಣವಿಲ್ಲ, ನಂಬರ್ ತಾಳೆಯಾಗಲಿಲ್ಲ ಎಂದು ಒಂದೊಂದಾಗಿ. ನನಗೆ ಮಾಲು ಬಂದೇ ಇಲ್ಲ ಎಂದರೆ ಆ ಷರತ್ತುಗಳು ಯಾವುವೂ ಉಪಯೋಗಕ್ಕೆ ಬಾರವು. ಬಂದೇ ಇಲ್ಲದ ಮಾಲಿಗೆ ಏಳು ದಿನದ ಗಡುವು ಎಲ್ಲಿಂದ ಎಣಿಸುವುದು?

ಎರಡನೆಯದು, ಅವರ ಹುಡುಗ ಬಾಗಿಲಲ್ಲಿ ಹೇಳಿದ ಮಾತು. ಮನೆಯವರಿಗೆ ಅದು ಅವಮಾನ ಎನಿಸುತ್ತದೆ, ನಮ್ಮನ್ನು ಕಳ್ಳರು ಅಂದ ಹಾಗಾಯಿತು ಎಂದು ಬೇಸರಪಡುತ್ತಾರೆ. ಬೇಸರ ಪಕ್ಕಕ್ಕಿಟ್ಟು ನೋಡಿದರೆ ಇಡೀ ಪ್ರಕರಣದಲ್ಲಿ ಕಂಪನಿಯೇ ತಯಾರಿಸಿ ಕೊಟ್ಟ ಸಾಕ್ಷಿ ಅದೊಂದೇ. ಆ ನಿರಾಕರಣೆಯ ಸಂದೇಶವನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಬೇಕು. ಕೆಲವು ಆ್ಯಪುಗಳಲ್ಲಿ ರದ್ದಾದ ಕೋರಿಕೆ ಕೆಲವು ದಿನಗಳಲ್ಲಿ ಪಟ್ಟಿಯಿಂದ ಮರೆಯಾಗುವುದೂ ಉಂಟು.

ಪತ್ರದಲ್ಲಿ ಸಿಟ್ಟಿನ ಮಾತಿಲ್ಲ, ಮೋಸಗಾರರು ಎಂಬ ಬೈಗುಳವಿಲ್ಲ. ಅದು ಸೌಜನ್ಯಕ್ಕಾಗಿ ಅಲ್ಲ. ಯಾರು ಬದಲಾಯಿಸಿದರು ಎಂದು ನಮಗೆ ಗೊತ್ತಿಲ್ಲ. ಮಾರಾಟಗಾರನೋ, ಗೋದಾಮಿನವನೋ, ಬಿ.ಸಿ.ರೋಡಿನ ಕಡೆ ಪಾರ್ಸೆಲ್ ಇಳಿಸಿ ವಿಂಗಡಿಸುವಲ್ಲೋ, ದಾರಿಯಲ್ಲೋ. ಒಬ್ಬರ ಹೆಸರು ಹಿಡಿದು ಆರೋಪ ಹೊರಿಸಿದರೆ ಅದನ್ನು ಸಾಬೀತು ಮಾಡುವ ಭಾರ ನಮ್ಮ ಮೇಲೆ ಬೀಳುತ್ತದೆ. ಬಂದಿಲ್ಲ ಎಂದಷ್ಟೇ ಹೇಳಿದರೆ ಎಲ್ಲಿ ಹೋಯಿತು ಎಂದು ಹುಡುಕುವ ಕೆಲಸ ಅವರದ್ದು. ಕಂಪನಿ ಪೊಲೀಸ್ ದೂರು ಕೇಳಿದರೆ ಅದನ್ನೂ ಕೊಡಬಹುದು, ಅದರಲ್ಲೂ ಇದೇ ಎಚ್ಚರ ಇರಲಿ. ಬಂಟ್ವಾಳ, ಬೆಳ್ತಂಗಡಿಯ ಠಾಣೆಗಳು ಜಿಲ್ಲಾ ಪೊಲೀಸರ ಕೆಳಗೆ ಬರುತ್ತವೆ, ಮೂಡುಬಿದಿರೆ ಠಾಣೆ ಮಂಗಳೂರು ನಗರ ಕಮಿಷನರೇಟಿಗೆ ಸೇರಿದ್ದು. ಪೆಟ್ಟಿಗೆ ಕೈಗೆ ಬಂದ ಜಾಗದ ಠಾಣೆಗೇ ಹೋದರೆ ಅಲೆದಾಟ ಕಡಿಮೆ.

ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ ಎಂದು ಕೇಳುತ್ತಾರೆ. ದೂರು ಇಂಥ ಭಾಷೆಯಲ್ಲೇ ಇರಬೇಕೆಂದು ನಿಯಮ ಹೇಳಿಲ್ಲ. ಆದರೂ ಓದುವವರು ದೂರದ ಕಚೇರಿಯಲ್ಲಿರುವುದರಿಂದ ಒಂದು ಇಂಗ್ಲಿಷ್ ಪ್ರತಿ ಜೊತೆಗಿಟ್ಟರೆ ಕೆಲಸ ಬೇಗ ಸಾಗುತ್ತದೆ. ಇಮೇಲ್ ಮಾಡಿ, ಅದರ ಅಚ್ಚು ಪ್ರತಿಯನ್ನು ಅಂಚೆಯಲ್ಲೂ ಕಳಿಸಿ. ಹಳಬರು ಕೇಳುವ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ಮಾಡಿ ತಲುಪಿದ ದಾಖಲೆಯನ್ನು ಇಟ್ಟುಕೊಂಡರಾಯಿತು. ಲಗತ್ತುಗಳು ತುಂಬಾ ಇದ್ದರೆ ಇಮೇಲ್ ಹೋಗದೆ ಮರಳುತ್ತದೆ, ಹೋಯಿತೇ ಎಂದು ನೋಡಿಕೊಳ್ಳಿ.

ಜೊತೆಜೊತೆಗೆ ಬ್ಯಾಂಕಿನ ಕೆಲಸವೊಂದಿದೆ. ಕಾರ್ಡಿನಲ್ಲಿ ಕೊಟ್ಟ ಹಣವಾದರೆ, ಮಾಲು ತಲುಪಿಲ್ಲ ಎಂದು ಬ್ಯಾಂಕಿಗೆ ಬರೆದು ತಕರಾರು ದಾಖಲಿಸಬಹುದು. ಇದಕ್ಕೆ ಗಡುವು ಇರುವುದರಿಂದ ಕಂಪನಿಯ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬಾರದು. ಆದರೆ ಕಂತು ಕಟ್ಟುವುದನ್ನು ಸಿಟ್ಟಿನಿಂದ ನಿಲ್ಲಿಸಬೇಡಿ. ಅಂಗಡಿಯ ಜೊತೆಗಿನ ಜಗಳ ಬ್ಯಾಂಕಿನ ಲೆಕ್ಕಕ್ಕೆ ಬಾರದು, ಬಾಕಿ ಉಳಿದರೆ ಮುಂದೆ ಮಗನ ಶಿಕ್ಷಣ ಸಾಲ ಕೇಳುವಾಗ ಅದು ಎದುರಿಗೆ ಬರುತ್ತದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ದೂರು ಹೇಳಬಹುದು. ಅವರು ಕಂಪನಿಗೆ ದೂರನ್ನು ದಾಟಿಸಿ ಉತ್ತರ ತರಿಸುತ್ತಾರೆ, ಹಲವು ದೂರುಗಳು ಅಲ್ಲೇ ಮುಗಿಯುತ್ತವೆ. ಕೊಡಲೇಬೇಕು ಎಂದು ಆದೇಶ ಮಾಡುವ ಅಧಿಕಾರ ಅವರಿಗಿಲ್ಲ.

ಪತ್ರಕ್ಕೆ ಸಾಮಾನ್ಯವಾಗಿ ಬರುವ ಒಂದು ಉತ್ತರವನ್ನು ಹೇಳಿಬಿಡುತ್ತೇನೆ. ನಾವು ಬರೀ ವೇದಿಕೆ, ಮಾರಿದವರು ಬೇರೆ, ನೀವು ಅವರನ್ನು ಕೇಳಿ. ಈ ಮಾತನ್ನು ಬೆಂಗಳೂರಿನ ಗ್ರಾಹಕ ಆಯೋಗದ ಎದುರೂ ಹೇಳಿ ನೋಡಿದ್ದಾರೆ. 2022ರ ಜನವರಿಯಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಫ್ಲಿಪ್‌ಕಾರ್ಟಿನಲ್ಲಿ 12,499 ರೂಪಾಯಿ ಕೊಟ್ಟು ಫೋನ್ ತರಿಸಿದ್ದರು. ಹಣ ಹೋಯಿತು, ಫೋನ್ ಬರಲಿಲ್ಲ. ಆಯೋಗ ಮಾಡಿದ ಆದೇಶದಲ್ಲಿ ಆ 12,499 ರೂಪಾಯಿಗೆ ಶೇಕಡಾ 12ರ ಬಡ್ಡಿ, ಜೊತೆಗೆ 20,000 ರೂಪಾಯಿ ದಂಡ, 10,000 ರೂಪಾಯಿ ಖರ್ಚು ಎಂದಿತ್ತು. ನಮ್ಮ ಬೆಳ್ತಂಗಡಿಯ ತಾಯಿಯ ಪತ್ರ "ತಲುಪಿಲ್ಲ" ಎಂಬ ಮಾತಿನ ಮೇಲೆ ನಿಂತಿರುವುದಕ್ಕೆ ಇದೂ ಒಂದು ಕಾರಣ. ವ್ಯತ್ಯಾಸ ಇಲ್ಲವೆಂದಲ್ಲ. ಬೆಂಗಳೂರಿನವರಿಗೆ ಪೆಟ್ಟಿಗೆಯೇ ಬಂದಿರಲಿಲ್ಲ, ಇವರಿಗೆ ಪೆಟ್ಟಿಗೆ ಬಂದಿದೆ. ಹಾಗಾಗಿ ತೂಕ, ನಂಬರು, ತಡಮಾಡದೆ ಕೊಟ್ಟ ದೂರು, ಇವೆಲ್ಲ ಇವರಿಗೆ ಹೆಚ್ಚು ಬೇಕಾಗುತ್ತವೆ. ಮೊದಲು ತೋರಿಸಿಕೊಡಬೇಕಾದವರು ದೂರು ಕೊಟ್ಟವರೇ. ಗುರುವಾರ ಬಂದ ಪೆಟ್ಟಿಗೆಯನ್ನು ಶನಿವಾರ ಬಿಚ್ಚಿದ್ದಕ್ಕೆ ಮಗ ಹಾಸ್ಟೆಲಿನಲ್ಲಿದ್ದ ಎಂಬ ಕಾರಣವಿದೆ. ಮೂರು ವಾರ ಬಿಟ್ಟು ಬಿಚ್ಚಿದ್ದರೆ ಪತ್ರ ಎಷ್ಟು ಚೆನ್ನಾಗಿದ್ದರೂ ಬಲ ಸಾಲದು.

ತಿಂಗಳು ಕಳೆದೂ ದಾರಿ ಕಾಣದಿದ್ದರೆ ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಇದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿ ತನಕದ ಖರೀದಿಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಎರಡು ವರ್ಷದೊಳಗೆ ಕೊಟ್ಟರಾಯಿತು, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ವೇದಿಕೆ ಮತ್ತು ಮಾರಾಟಗಾರ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು, ಮಾರಾಟಗಾರನ ವಿಳಾಸವನ್ನು ಪತ್ರದಲ್ಲೇ ಕೇಳಿದ್ದು ಇದಕ್ಕಾಗಿ. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲೇ ಆಗುತ್ತದೆ ಎಂದು ನಂಬಿ ಕೂರುವುದು ಬೇಡ.

ಎಲ್ಲರಿಗೂ ಅಲ್ಲಿಯ ತನಕ ಹೋಗಬೇಕಾಗುವುದಿಲ್ಲ. ತೂಕದ ದಾಖಲೆ ಕೊಡಿ ಎಂದು ಲಿಖಿತವಾಗಿ ಕೇಳಿದ ಮೇಲೆ ಕಡತ ಗ್ರಾಹಕ ಸೇವೆಯ ಕೈಯಿಂದ ಬೇರೆ ಮೇಜಿಗೆ ಹೋಗಬಹುದು. ಹಣ ಮರಳುತ್ತದೆ ಎಂದು ಉತ್ತರ ಬಂದ ದಿನ ನೋಡಬೇಕಾದ ವಿಷಯಗಳು ಎರಡಿವೆ. ಮರಳುವುದು ಬರೇ ಬೆಲೆಯೋ, ಕಂತಿನ ಬಡ್ಡಿ ಮತ್ತು ಅದರ ಮೇಲಿನ ಜಿಎಸ್‌ಟಿಯೂ ಸೇರಿದೆಯೋ ಎಂದು ಬ್ಯಾಂಕಿನ ಮುಂದಿನ ಲೆಕ್ಕಪಟ್ಟಿಯಲ್ಲಿ ತಾಳೆ ನೋಡಿ, ಕಂತಿನ ಖಾತೆ ಮುಚ್ಚಿದೆಯೇ ಎಂದೂ ಕೇಳಿ. ಇನ್ನು ಆ ತಪ್ಪು ಲ್ಯಾಪ್‌ಟಾಪ್. ಅದನ್ನು ಒಯ್ಯಲು ಮತ್ತೆ ಹುಡುಗ ಬರುತ್ತಾನೆ, ಈ ಸಲ ಅವನ ಪರದೆ "ಹೌದು" ಎನ್ನುತ್ತದೆ. ಕೊಡುವ ಮುಂಚೆ ಅದರ ಸೀರಿಯಲ್ ನಂಬರ್ ಬರೆದ ಒಂದು ಚೀಟಿಗೆ ಅವನ ಸಹಿ ಹಾಕಿಸಿಕೊಂಡು, ಯಂತ್ರದ ಜೊತೆ ಆ ಚೀಟಿಯ ಫೋಟೋ ತೆಗೆದು, ಆಮೇಲೆ ಕೊಡಿ.